ಅವರ ಪತ್ರದೊಳಗೇ ಉತ್ತರವೋ, ಹೊಸ ಇಮೇಲೋ?

ಪೆರ್ಲದ ನಮ್ಮ ಕಾರ್ಯಕ್ರಮಕ್ಕೆ ಮಂಗಳೂರಿನಿಂದ ಬರುವ ಅತಿಥಿಯೊಬ್ಬರು ಒಂದೇ ಇಮೇಲ್‌ನಲ್ಲಿ ಮೂರು ವಿಷಯ ಕೇಳುತ್ತಾರೆ ಎಂದುಕೊಳ್ಳಿ: ಭಾಷಣ ಎಷ್ಟು ಹೊತ್ತು? ಪ್ರೊಜೆಕ್ಟರ್ ಇದೆಯೇ? ರಾತ್ರಿ ಉಳಿಯಲು ವ್ಯವಸ್ಥೆ ಇದೆಯೇ? ನಾವು ಮೇಲ್ಗಡೆ "ಇದೆ, ಆಗಬಹುದು" ಎಂದಷ್ಟೇ ಬರೆದರೆ ಇರುವುದು ಪ್ರೊಜೆಕ್ಟರೋ ಕೋಣೆಯೋ ಎಂದು ಅವರಿಗೆ ತಿಳಿಯದು.

ಇಲ್ಲಿ ಪ್ರಶ್ನೆಯ ಕೆಳಗೇ ಉತ್ತರಿಸುವುದು ಒಳ್ಳೆಯದು. ಕಂಪ್ಯೂಟರಿನ ಜಿಮೇಲ್‌ನಲ್ಲಿ Reply ಒತ್ತಿ, ಕೆಳಗಿನ ಮೂರು ಚುಕ್ಕೆ ಒತ್ತಿದರೆ ಅವರ ಪತ್ರ ತೆರೆದುಕೊಳ್ಳುತ್ತದೆ. ಬೇಡದ ಸಾಲುಗಳನ್ನು ಅಳಿಸಿ, ಹೀಗೆ ಬರೆಯಿರಿ:

> ಪ್ರೊಜೆಕ್ಟರ್ ಇದೆಯೇ?

ಇದೆ. ಲ್ಯಾಪ್‌ಟಾಪ್ ಮಾತ್ರ ತಾವು ತರಬೇಕು.

ಮೊದಲ ಸಾಲಿನಲ್ಲಿ "ಉತ್ತರಗಳು ತಮ್ಮ ಪ್ರಶ್ನೆಗಳ ಕೆಳಗಿವೆ" ಎನ್ನಲು ಮರೆಯಬೇಡಿ. ಹಳೆಯ ಪತ್ರದ ಭಾಗ ಕೆಲವೊಮ್ಮೆ ಮಡಚಿಕೊಂಡೇ ಇರುತ್ತದೆ. ನಮಸ್ಕಾರ ಮಾತ್ರ ಕಂಡು ಉತ್ತರ ಕಾಣದೇ ಹೋಗಬಹುದು.

ವಾರದ ನಂತರ ಸಭಾಂಗಣ ಬದಲಾದರೆ? ಅದು ಅವರು ಕೇಳಿದ ಪ್ರಶ್ನೆಗೆ ಉತ್ತರವಲ್ಲ, ಹೊಸ ಸುದ್ದಿ. Compose ಒತ್ತಿ, "ಸ್ಥಳ ಬದಲಾವಣೆ" ಎಂಬ ವಿಷಯದ ಸಾಲು ಕೊಟ್ಟು ಬೇರೆಯೇ ಕಳುಹಿಸಿ. ಹಳೆಯ ಪತ್ರಕ್ಕೇ ವಿಷಯದ ಸಾಲು ಬದಲಿಸಿದರೆ ಸಾಲದು. ಕೆಳಗಿನ ಹಳೆಯ ಮಾತು, ಫೋನ್ ನಂಬರು ಎಲ್ಲ ಜತೆಗೇ ಹೋಗುತ್ತವೆ. ಅತಿಥಿಗಳು ಅದನ್ನು ಕಾರಿನ ಚಾಲಕರಿಗೆ ಕಳುಹಿಸಿದರೆ ಅವೂ ಅಲ್ಲಿಗೆ ತಲಪುತ್ತವೆ.