ಕೆಲಸದ ಜೊತೆಗೆ ಎಸ್‌ಕ್ಯೂಎಲ್: ಕಲಿತದ್ದು ಮರೆಯದಿರಲು

ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವರೊಬ್ಬರು ಎಸ್‌ಕ್ಯೂಎಲ್ ಕಲಿಯಲು ಹೊರಟಿದ್ದಾರೆ ಎಂದುಕೊಳ್ಳಿ. ಕಂಪನಿಯ ಡೇಟಾಬೇಸ್‌ನಿಂದ ಬೇಕಾದ ಮಾಹಿತಿ ತೆಗೆಯುವ ಭಾಷೆ ಅದು. ಭಾನುವಾರ ಕೂತು ಮೂರು ಗಂಟೆ ವಿಡಿಯೋ ನೋಡುತ್ತಾರೆ, ಎಲ್ಲವೂ ಅರ್ಥವಾಗುತ್ತದೆ. ಮುಂದಿನ ಭಾನುವಾರ ಖಾಲಿ ಪರದೆಯ ಮುಂದೆ ಕೂತರೆ ಮೊದಲ ಸಾಲೇ ಹೊಳೆಯುವುದಿಲ್ಲ. ತಪ್ಪಿದ್ದು ಅವರ ಬುದ್ಧಿಶಕ್ತಿಯಲ್ಲ, ಕಲಿಯುವ ಕ್ರಮ.

ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ವಿದ್ಯಾರ್ಥಿಗಳು ಚಿಕ್ಕ ಬರಹಗಳನ್ನು ಓದಿದರು. ಒಂದನ್ನು ಮತ್ತೊಮ್ಮೆ ಓದಿದರು, ಇನ್ನೊಂದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ್ದೇ ಹೆಚ್ಚು ನೆನಪಿತ್ತು. ವಾರದ ನಂತರ ಕೇಳಿದಾಗ ಫಲಿತಾಂಶ ತಿರುಗಿಬಿದ್ದಿತ್ತು: ನೆನಪಿನಿಂದ ಬರೆದಿದ್ದರಲ್ಲಿ ಸುಮಾರು ಶೇ 56ರಷ್ಟು, ಮತ್ತೆ ಓದಿದ್ದರಲ್ಲಿ ಶೇ 42ರಷ್ಟು ಮಾತ್ರ ಉಳಿದಿತ್ತು. ಓದಿದ ಕೂಡಲೇ 'ಬಂತು' ಅನ್ನಿಸುವುದನ್ನು ನಂಬುವಂತಿಲ್ಲ.

ಹಾಗಾಗಿ ಮಾಡಬೇಕಾದ್ದು ಎರಡು. ಉತ್ತರ ನೋಡುವ ಮೊದಲು ನೆನಪನ್ನು ಕೆದಕಬೇಕು. ಒಂದೇ ದಿನ ಹತ್ತು ಸಲ ಕೆದಕದೆ, ಒಂದು ದಿನ, ನಾಲ್ಕು ದಿನ, ಹತ್ತು ದಿನ ಎಂದು ಅಂತರ ಹೆಚ್ಚಿಸುತ್ತ ಹೋಗಬೇಕು. ಈ ಲೆಕ್ಕವನ್ನು ಆಂಕಿಯಂಥ ಫ್ಲ್ಯಾಶ್‌ಕಾರ್ಡ್ ಆ್ಯಪ್‌ಗಳು ತಾವೇ ಇಟ್ಟುಕೊಳ್ಳುತ್ತವೆ. ಆದರೆ ಕಾರ್ಡಿನಲ್ಲಿ ಏನು ಬರೆಯಬೇಕು ಎಂಬುದನ್ನು ಕಲಿಯುವವರೇ ನಿರ್ಧರಿಸಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

'`LEFT JOIN` ಎಂದರೇನು?' ಎಂಬ ಕಾರ್ಡು ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸುತ್ತದೆ, ಕೆಲಸ ಕಲಿಸುವುದಿಲ್ಲ. ಅದರ ಬದಲು ಕಾರ್ಡಿನ ಮುಂಬದಿಯಲ್ಲಿ ಇದನ್ನು ಇಡಿ:

```sql
SELECT c.name, o.amount
FROM customers c
LEFT JOIN orders o
  ON o.customer_id = c.id
WHERE o.order_date >= '2024-01-01';
```

ಕೆಳಗೊಂದು ಪ್ರಶ್ನೆ: ಒಂದೂ ಆರ್ಡರ್ ಕೊಡದ ಗ್ರಾಹಕರು ಈ ಪಟ್ಟಿಯಲ್ಲಿ ಬರುತ್ತಾರೆಯೇ? ಯಾಕೆ?

ಬರುವುದಿಲ್ಲ. `LEFT JOIN` ಅವರನ್ನು ಉಳಿಸಿಕೊಳ್ಳುತ್ತದೆ ನಿಜ, ಆದರೆ ಅವರ ಸಾಲಿನಲ್ಲಿ ಆರ್ಡರ್ ದಿನಾಂಕದ ಜಾಗ `NULL` ಆಗಿರುತ್ತದೆ. `NULL` ಅನ್ನು ದಿನಾಂಕದೊಂದಿಗೆ ಹೋಲಿಸಿದರೆ ಹೌದು ಎಂದೂ ಬರುವುದಿಲ್ಲ, ಅಲ್ಲ ಎಂದೂ ಬರುವುದಿಲ್ಲ. ಹೌದು ಎಂದು ಬಂದ ಸಾಲನ್ನಷ್ಟೇ ಇಟ್ಟುಕೊಳ್ಳುವ `WHERE` ಅವರನ್ನು ಕೈಬಿಡುತ್ತದೆ. ಎರಡನೇ ಕಾರ್ಡು ಪರಿಹಾರ ಕೇಳಲಿ: ಎಲ್ಲ ಗ್ರಾಹಕರೂ ಉಳಿಯಬೇಕಾದರೆ ಏನು ಬದಲಿಸಬೇಕು? `WHERE` ಸಾಲನ್ನು ತೆಗೆದು ಅದೇ ಷರತ್ತನ್ನು `AND` ಹಾಕಿ `ON` ಭಾಗಕ್ಕೆ ಸೇರಿಸಬೇಕು. ಒಂದು ಕಾರ್ಡಿಗೆ ಒಂದೇ ಪ್ರಶ್ನೆ ಇದ್ದರೆ, ಮರೆತದ್ದು ಕಾರಣವೋ ಪರಿಹಾರವೋ ಎಂಬುದು ಸ್ಪಷ್ಟವಾಗುತ್ತದೆ. ಇಂಥ ಕಾರ್ಡುಗಳಿಗೆ ಒಳ್ಳೆಯ ಮೂಲವೆಂದರೆ ಅಭ್ಯಾಸದಲ್ಲಿ ನೀವೇ ಮಾಡಿದ ತಪ್ಪುಗಳು.

ಇನ್ನು ಸಮಯದ ಮಾತು. ದಿನಕ್ಕೆ 20 ಹೊಸ ಕಾರ್ಡು ಸೇರಿಸುತ್ತ ಹೋದರೆ ಕೆಲವು ವಾರಗಳಲ್ಲಿ ದಿನದ ಮರುಪರೀಕ್ಷೆ ಸುಮಾರು 200 ಕಾರ್ಡಿಗೆ ಏರುತ್ತದೆ. ನೌಕರಿಯಲ್ಲಿರುವವರಿಗೆ ಇದು ನಿಭಾಯಿಸಲಾಗದ ಹೊರೆ. ದಿನಕ್ಕೆ ಐದೇ ಸೇರಿಸಿದರೆ 50ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಾರ್ಡಿಗೆ 20 ಸೆಕೆಂಡ್ ಹಿಡಿದರೂ 17 ನಿಮಿಷ. ಬಸ್ಸಿನಲ್ಲೋ ಮೆಟ್ರೋದಲ್ಲೋ ಕೂತು ಮುಗಿಸಬಹುದು. ತಿಂಗಳ ಕೊನೆಯ ಗಡಿಬಿಡಿಯಲ್ಲಿ ಒಂದು ವಾರ ತಪ್ಪಿ ಕಾರ್ಡು ರಾಶಿ ಬಿದ್ದರೆ ಹೊಸದನ್ನು ಪೂರ್ತಿ ನಿಲ್ಲಿಸಿ, ಹಳೆಯದನ್ನು ದಿನಕ್ಕಿಷ್ಟು ಎಂದು ಕರಗಿಸಿ.

ಉತ್ತರ ಮರೆತಾಗ `Again` ಒತ್ತಬೇಕು. ಮುಜುಗರಪಟ್ಟು `Hard` ಒತ್ತಿದರೆ, ಕಷ್ಟಪಟ್ಟಾದರೂ ನೆನಪಾಯಿತು ಎಂದು ಆ್ಯಪ್ ತಿಳಿದು ಕಾರ್ಡನ್ನು ಮುಂದಕ್ಕೆ ತಳ್ಳುತ್ತದೆ. ಮರೆತದ್ದು ಮರೆತೇ ಉಳಿಯುತ್ತದೆ.

ಕಾರ್ಡುಗಳಿಗೂ ಮಿತಿಯಿದೆ. ಕೆಲವು ಸುತ್ತಿನ ನಂತರ ತತ್ವ ನೆನಪಾಗುವ ಮೊದಲೇ ಕಾರ್ಡಿನ ಆಕಾರ ನೋಡಿಯೇ ಉತ್ತರ ಬಂದುಬಿಡುತ್ತದೆ. ಪ್ರಶ್ನೆ ಓದಿ ಮುಗಿಸುವ ಮುಂಚೆಯೇ ಉತ್ತರ ಹೊಳೆಯುತ್ತಿದ್ದರೆ ಹಾಗಾಗಿದೆ ಎಂದೇ ತಿಳಿಯಿರಿ. ಜೊತೆಗೆ, ಬಿಡಿ ನಿಯಮಗಳನ್ನು ಜೋಡಿಸಿ ಪೂರ್ತಿ ಕ್ವೆರಿ ಕಟ್ಟುವುದನ್ನು ಕಾರ್ಡು ಕಲಿಸದು. ಅದಕ್ಕಾಗಿ ವಾರಕ್ಕೊಮ್ಮೆ ಲ್ಯಾಪ್‌ಟಾಪಿನಲ್ಲಿ ಕೂರಬೇಕು. ಗ್ರಾಹಕ-ಆರ್ಡರ್ ಬದಲು ನೌಕರ-ಹಾಜರಾತಿಯಂಥ ಬೇರೆ ಟೇಬಲ್ ತೆಗೆದುಕೊಂಡು, ಈ ತಿಂಗಳು ಒಂದು ದಿನವೂ ಹಾಜರಾಗದವರನ್ನೂ ಸೇರಿಸಿ ಎಲ್ಲರ ಪಟ್ಟಿಯನ್ನು, ಏನನ್ನೂ ನೋಡದೆ ಬರೆಯಬೇಕು. ಬರೆದದ್ದನ್ನು ಚಲಾಯಿಸಿ, ಬಂದ ಹೆಸರುಗಳ ಸಂಖ್ಯೆಯನ್ನು ಒಟ್ಟು ನೌಕರರ ಸಂಖ್ಯೆಯೊಂದಿಗೆ ತಾಳೆ ನೋಡಿ. ಕಡಿಮೆ ಬಂದರೆ ಎಲ್ಲಿ ತಪ್ಪಿತೆಂದು ಹುಡುಕಿ, ಆ ತಪ್ಪನ್ನೇ ಮುಂದಿನ ವಾರದ ಕಾರ್ಡು ಮಾಡಿಕೊಳ್ಳಿ.