ಒಂದೇ ಚಾರ್ಟ್, ಮೂರು ಎಣಿಕೆ

ಅಮೆರಿಕದ ಲೆಕ್ಕಿಗ ರಾಲ್ಫ್ ನೆಲ್ಸನ್ ಎಲಿಯಟ್ ತನ್ನ ಅಲೆ ಸಿದ್ಧಾಂತವನ್ನು 1938ರಲ್ಲಿ ಪುಸ್ತಕವಾಗಿಸಿದ. ಷೇರು ಪೇಟೆ ಏರುವಾಗ ಐದು ಅಲೆಗಳಲ್ಲಿ ಏರುತ್ತದೆ, ಆಮೇಲೆ ಮೂರು ಅಲೆಗಳಲ್ಲಿ ಇಳಿಯುತ್ತದೆ, ಪ್ರತಿ ಅಲೆಯೊಳಗೂ ಇಂಥದ್ದೇ ಮರಿ ಅಲೆಗಳಿರುತ್ತವೆ ಎಂಬುದು ಅವನ ವಾದ. ಕಟ್ಟುನಿಟ್ಟಿನ ನಿಯಮಗಳು ಮೂರೇ. ಎರಡನೇ ಅಲೆ ಮೊದಲನೆಯದು ಶುರುವಾದ ಬೆಲೆಗಿಂತ ಕೆಳಗಿಳಿಯಬಾರದು. ಏರುವ ಮೂರು ಅಲೆಗಳಲ್ಲಿ ಮೂರನೆಯದು ಎಲ್ಲಕ್ಕಿಂತ ಚಿಕ್ಕದಾಗಿರಬಾರದು. ನಾಲ್ಕನೆಯದು ಮೊದಲ ಅಲೆಯ ತುದಿಗಿಂತ ಕೆಳಗೆ ಬರಬಾರದು.

ತೊಡಕು ಎಣಿಸಲು ಕೂತಾಗ ಕಾಣುತ್ತದೆ. ಒಂದು ಷೇರು 100 ರೂಪಾಯಿಯಿಂದ 120ಕ್ಕೆ ಏರಿ, 108ಕ್ಕೆ ಇಳಿದು, 145ಕ್ಕೆ ಹಾರಿ, ಈಗ 130ಕ್ಕೆ ಬಂದಿದೆ ಎಂದುಕೊಳ್ಳಿ. ಇದು ನಾಲ್ಕನೇ ಅಲೆ, ಇನ್ನೊಂದೇ ಏರಿಕೆ ಬಾಕಿ ಎನ್ನುತ್ತಾನೆ ಒಬ್ಬ ವಿಶ್ಲೇಷಕ. ಇನ್ನೊಬ್ಬನಿಗೆ 108ರಿಂದ 145ರವರೆಗಿನ ಏರಿಕೆ ಮೂರನೇ ಅಲೆಯ ಮೊದಲ ಮರಿ ಅಲೆ ಮಾತ್ರ, ದೊಡ್ಡ ಜಿಗಿತ ಇನ್ನೂ ಮುಂದಿದೆ. ಮೂರನೆಯವನ ಲೆಕ್ಕವೇ ಬೇರೆ: ಇದೆಲ್ಲ ದೊಡ್ಡ ಕುಸಿತದ ನಡುವಿನ ಮೂರು ಅಲೆಗಳ ಚೇತರಿಕೆ, ಅದು 145ಕ್ಕೆ ಮುಗಿಯಿತು, ಬೆಲೆ 100ಕ್ಕಿಂತಲೂ ಕೆಳಗಿಳಿಯುತ್ತದೆ. ಮೂವರೂ ನಿಯಮ ಮುರಿದಿಲ್ಲ. ಯಾವ ಅಲೆ ದೊಡ್ಡದು, ಯಾವುದು ಮರಿ ಎಂಬುದನ್ನು ತೀರ್ಮಾನಿಸುವುದು ಎಣಿಸುವವನ ಕಣ್ಣು. ಟೀಕಾಕಾರರ ತಕರಾರು ಇಲ್ಲಿಯೇ. ಭವಿಷ್ಯ ತಪ್ಪಿದಾಗ ಅಲೆಗಳ ಹೆಸರು ಬದಲಿಸಿ ಸಿದ್ಧಾಂತವನ್ನು ಉಳಿಸಿಕೊಳ್ಳಬಹುದಾದರೆ, ಅದು ಸುಳ್ಳೆಂದು ತೋರಿಸುವ ದಾರಿಯೇ ಇರುವುದಿಲ್ಲ.

ಈ ಸಿದ್ಧಾಂತದ ದೊಡ್ಡ ಪ್ರಚಾರಕ ರಾಬರ್ಟ್ ಪ್ರೆಕ್ಟರ್ 1980ರ ದಶಕದ ತೇಜಿಯನ್ನು ಮೊದಲೇ ಹೇಳಿ ಹೆಸರಾದ. ಮುಂದೆ 1990ರ ದಶಕದುದ್ದಕ್ಕೂ ಮಹಾಕುಸಿತ ಹತ್ತಿರವಿದೆ ಎಂದು ಎಚ್ಚರಿಸುತ್ತಿದ್ದ. ಡೌ ಜೋನ್ಸ್ ಸೂಚ್ಯಂಕ ಏರುತ್ತಲೇ ಹೋಗಿ 1999ರಲ್ಲಿ 10,000 ದಾಟಿತು. ಅವನನ್ನು ನಂಬಿ ಪೇಟೆಯಿಂದ ದೂರ ಉಳಿದವರ ಪಾಲಿಗೆ ಅದು ಸಣ್ಣ ನಷ್ಟವಲ್ಲ.

ಹಾಗಿದ್ದರೂ ಅನುಭವಿಗಳು ಎಣಿಕೆಯನ್ನು ಪೂರ್ತಿ ಕೈಬಿಟ್ಟಿಲ್ಲ. ಬೆಲೆ ಎಲ್ಲಿಗೆ ಹೋಗುತ್ತದೆ ಎಂದು ಅವರು ಅದನ್ನು ಕೇಳುವುದಿಲ್ಲ, ತಮ್ಮ ಊಹೆ ಎಲ್ಲಿ ತಪ್ಪಾಗುತ್ತದೆ ಎಂದು ಕೇಳುತ್ತಾರೆ. ನಮ್ಮ ಉದಾಹರಣೆಯಲ್ಲಿ ಬೆಲೆ 120ರ ಕೆಳಗಿಳಿದರೆ ಮೊದಲ ಎಣಿಕೆ ಸತ್ತಂತೆ, 108ರ ಕೆಳಗಿಳಿದರೆ ಎರಡನೆಯದೂ ಸತ್ತಂತೆ. 145 ದಾಟಿದರೆ ಮೂರನೆಯದು ಬಿತ್ತು. ವಹಿವಾಟಿನ ಪ್ರಮಾಣ, ಸರಾಸರಿ ಬೆಲೆಯ ಗೆರೆಗಳು ಏರಿಕೆಗೆ ಒತ್ತಾಸೆಯಾಗಿದ್ದರೆ ಮಾತ್ರ, ಮೊದಲ ಎಣಿಕೆ ಹಿಡಿದು 132ಕ್ಕೆ ಕೊಂಡು 120ಕ್ಕೆ ಸ್ಟಾಪ್‌ಲಾಸ್ ಇಡುತ್ತಾರೆ. ಆಗ ಷೇರೊಂದಕ್ಕೆ 12 ರೂಪಾಯಿ ಅಪಾಯ. ಒಂದು ಲಕ್ಷದ ಬಂಡವಾಳದಲ್ಲಿ ಸಾವಿರಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಎಂದಿದ್ದರೆ 83 ಷೇರು ಕೊಳ್ಳಬಹುದು. ಬೆಲೆ 120 ಮುಟ್ಟಿದ ದಿನ, ಎರಡನೇ ಎಣಿಕೆಗೆ ಇನ್ನೂ ಜೀವವಿದೆಯಲ್ಲ ಎಂದು ಅದಕ್ಕೆ ಜೋತುಬೀಳದೆ ಮಾರಿ ಹೊರಬರುತ್ತಾರೆ. ಹೊಸ ಎಣಿಕೆಯೇನಿದ್ದರೂ ಆಮೇಲೆ, ಕೈಯಲ್ಲಿ ಷೇರು ಇಲ್ಲದಾಗ.