ಗೋಡೆ ಸೊಟ್ಟ, ಅಲಮಾರಿ ನೆಟ್ಟಗೆ

ಶಹಾಪುರ, ಸುರಪುರದ ಹಳೆಯ ಓಣಿಗಳಲ್ಲಿ ಕಲ್ಲುಮಣ್ಣಿನ ಗೋಡೆಗಳು ಎರಡು, ಎರಡೂವರೆ ಅಡಿ ದಪ್ಪ ಇರುವುದುಂಟು. ಆ ದಪ್ಪದೊಳಗೇ ಕಟ್ಟುವಾಗ ಗೂಡು ಬಿಟ್ಟಿರುತ್ತಾರೆ. ಸಣ್ಣದರಲ್ಲಿ ದೀಪ, ದೊಡ್ಡದರಲ್ಲಿ ಹಾಸಿಗೆ, ಕೌದಿ, ಹಿತ್ತಾಳೆ ಕೊಡ. ನಡುವೆ ಶಹಾಬಾದ್ ಫರಸಿಯ ಹಲಗೆ ತೂರಿಸಿದರೆ ಅದೇ ಅಲಮಾರಿ. ಈಗ ಆ ದೊಡ್ಡ ಗೂಡುಗಳಿಗೆ ಪ್ಲೈವುಡ್ಡಿನ ಪೆಟ್ಟಿಗೆ ಕೂರಿಸಿ, ಬಾಗಿಲು ಹಚ್ಚಿಸಿ, ತಿಜೋರಿಯ ಬದಲು ಬಳಸುವ ಮನೆಗಳು ಹೆಚ್ಚುತ್ತಿವೆ. ಯಾದಗಿರಿಯ ಹೊಸ ಬಡಾವಣೆಗಳಲ್ಲಿ ಇಟ್ಟಿಗೆ ಗೋಡೆ ಎದ್ದಿದೆ. ಆದರೆ ಎರೆ ಭೂಮಿಯ ಮೇಲೆ ಕಟ್ಟಿದ ಇಟ್ಟಿಗೆ ಗೋಡೆಯೂ ಬೇಸಿಗೆಯ ಬಿರುಕು ಮತ್ತು ಮಳೆಗಾಲದ ಉಬ್ಬಿನಲ್ಲಿ ಒಂದಿಷ್ಟು ವಾಲುವುದು ಸಾಮಾನ್ಯ. ಇಂಥ ಗೋಡೆಯೊಳಗೆ ನೆಟ್ಟಗಿನ ಪೆಟ್ಟಿಗೆ ಕೂರಬೇಕು. ಬಡಿಗೇರರ ಮುಂದೆ ನಾವು ಇಡುವ ಅಳತೆಯ ಚೀಟಿಯ ಬೆಲೆ ತಿಳಿಯುವುದು ಇಲ್ಲಿಯೇ.

"ಆರು ಫೂಟು ಅಗಲ, ಏಳು ಫೂಟು ಎತ್ತರ ಐತ್ರಿ" ಎಂದರೆ ಅನುಭವಿ ಬಡಿಗೇರ ಮರುಪ್ರಶ್ನೆ ಕೇಳುತ್ತಾನೆ: "ಗ್ವಾಡಿ ಅಳತಿ ಹೇಳಾಕತ್ತೀರೋ, ಅಲಮಾರಿ ಅಳತಿ ಹೇಳಾಕತ್ತೀರೋ ಅಣ್ಣಾರ?" ಈ ಎರಡು ಅಳತೆಗಳು ಎಂದೂ ಒಂದೇ ಆಗಿರುವುದಿಲ್ಲ. ಮನೆಯವರು ಗೋಡೆಯ ಅಳತೆ ಕೊಡಬೇಕು. ಅದರಿಂದ ಅಲಮಾರಿಯ ಅಳತೆ ಇಳಿಸುವುದು ಬಡಿಗತನದ ಕೆಲಸ. ಅದು ಹೇಗೆ ಇಳಿಯುತ್ತದೆ ಎಂಬುದು ಮನೆಯವರಿಗೂ ಗೊತ್ತಿದ್ದರೆ ಮುಂದಿನ ಜಗಳ ಅರ್ಧ ತಪ್ಪುತ್ತದೆ.

ಒಂದು ಗೂಡನ್ನು ಉದಾಹರಣೆಗೆ ಹಿಡಿಯೋಣ. ಟೇಪು ಹಿಡಿದು ಅಗಲವನ್ನು ಮೂರು ಕಡೆ ಅಳೆಯಬೇಕು. ಕೆಳಗೆ 71 ಇಂಚು, ನಡುವೆ 70 ಇಂಚು 4 ಸೂತ, ಮೇಲೆ 70 ಇಂಚು ಬಂತು ಎನ್ನಿ. ಇಂಚಿನ ಎಂಟನೇ ಒಂದು ಭಾಗ ಒಂದು ಸೂತ. ಎತ್ತರ ಎಡಕ್ಕೆ 84, ಬಲಕ್ಕೆ 83. ಆಳ ಎಡಕ್ಕೆ 20, ಬಲಕ್ಕೆ 18 ಇಂಚು 4 ಸೂತ. ಎಲ್ಲದರಲ್ಲೂ ಕಡಿಮೆ ಇದ್ದದ್ದನ್ನು ಹಿಡಿದರೆ ಸಾಕು, 70 ಅಗಲದ ಪೆಟ್ಟಿಗೆ ಕೂರುತ್ತದೆ ಎಂದು ಅನ್ನಿಸುತ್ತದೆ. ಬಹಳ ಮನೆಗಳಲ್ಲಿ ಕೆಲಸ ಕೆಡುವುದು ಈ ಲೆಕ್ಕದಿಂದಲೇ.

ಮೂಲೆಯಿಂದ ಮೂಲೆಗೆ ಅಡ್ಡಡ್ಡ ಟೇಪು ಎಳೆದು ನೋಡಿ. ಎರಡೂ ಅಳತೆ ಹೆಚ್ಚು ಕಡಿಮೆ ಒಂದೇ ಬಂದರೆ ಗೂಡು ಚೌಕವಾಗಿದೆ. ನಮ್ಮ ಗೂಡಿನಲ್ಲಿ ಒಂದು ಕರ್ಣ ಇನ್ನೊಂದಕ್ಕಿಂತ ಒಂದು ಇಂಚಿಗೂ ಹೆಚ್ಚು ಉದ್ದ ಬರುತ್ತದೆ. ಅಂದರೆ ಇಡೀ ಗೂಡು ಒಂದು ಪಕ್ಕಕ್ಕೆ ವಾಲಿದೆ. ಎಷ್ಟು ವಾಲಿದೆ ಎಂದು ತಿಳಿಯಲು ಮೇಲಿನ ಮೂಲೆಯಿಂದ ದಾರಕ್ಕೆ ತೂಗುಗುಂಡು ಕಟ್ಟಿ ಇಳಿಬಿಡಬೇಕು. ಎಡಗೋಡೆಯ ತಲೆ 2 ಇಂಚು ಒಳಕ್ಕೆ ಬಂದಿದೆ, ಬಲಗೋಡೆಯ ತಲೆ 1 ಇಂಚು ಹೊರಕ್ಕೆ ಹೋಗಿದೆ ಎಂದು ಗೊತ್ತಾಗುತ್ತದೆ. ಎರಡೂ ಗೋಡೆ ಒಂದೇ ಕಡೆಗೆ ವಾಲಿದ್ದರಿಂದ ಅಗಲದ ಅಳತೆಯಲ್ಲಿ ಈ ದೋಷ ಅಡಗಿಕೊಂಡಿತ್ತು. ನೆಟ್ಟಗಿನ ಪೆಟ್ಟಿಗೆಯ ಎಡಭಾಗವನ್ನು ಮೇಲಿನ 2 ಇಂಚು ತಡೆಯುತ್ತದೆ, ಬಲಭಾಗವನ್ನು ಕೆಳಗಿನ ಮೂಲೆ ತಡೆಯುತ್ತದೆ. 71ರಲ್ಲಿ 2 ಕಳೆದರೆ ಉಳಿಯುವುದು 69. ಎರಡೂ ಪಕ್ಕ ಕಾಲು ಇಂಚು ಸಡಿಲ ಬಿಟ್ಟರೆ ಪೆಟ್ಟಿಗೆಯ ಅಗಲ 68 ಇಂಚು 4 ಸೂತ. ಟೇಪಿನ ಮೂರು ಅಳತೆಗಳನ್ನಷ್ಟೇ ನಂಬಿ 70ಕ್ಕೆ ಕೊಯ್ದಿದ್ದರೆ ಪೆಟ್ಟಿಗೆ ಗೂಡಿನ ಬಾಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ಗೋಡೆ ಒಡೆಯಬೇಕು, ಇಲ್ಲವೇ ಕಟ್ಟಿದ ಪೆಟ್ಟಿಗೆ ಬಿಚ್ಚಬೇಕು.

ಪಕ್ಕದಲ್ಲಿ ಉಳಿದ ಸಂದಿ ಹೇಗೆ ಮುಚ್ಚುತ್ತದೆ? ಎಡಕ್ಕೆ ಬುಡದಲ್ಲಿ ಎರಡೂಕಾಲು ಇಂಚು ಸಂದಿ, ತಲೆಯಲ್ಲಿ ಕಾಲು ಇಂಚು. ಬಲಕ್ಕೆ ಬುಡದಲ್ಲಿ ಕಾಲು, ತಲೆಯಲ್ಲಿ ಒಂದೂಕಾಲು. ಬಡಿಗೇರ ಇದಕ್ಕೆ ಅಗಲವಾದ ಪಟ್ಟಿ ತೆಗೆದುಕೊಂಡು, ಗೋಡೆಗೆ ಒತ್ತಿ ಹಿಡಿದು, ಗೋಡೆಯ ಸೊಟ್ಟವನ್ನು ಪೆನ್ಸಿಲಿನಲ್ಲಿ ಪಟ್ಟಿಯ ಮೇಲೆ ಎಳೆದು, ಆ ಗೆರೆಗೆ ರಂದಾ ಹೊಡೆಯುತ್ತಾನೆ. ಪಟ್ಟಿಯ ಒಂದು ಅಂಚು ಗೋಡೆಯಂತೆ ಸೊಟ್ಟ, ಇನ್ನೊಂದು ಪೆಟ್ಟಿಗೆಯಂತೆ ನೆಟ್ಟಗೆ. ಮಾತುಕತೆಯಲ್ಲಿ ಈ ಪಟ್ಟಿಯ ವಿಚಾರ ಬರದಿದ್ದರೆ ಕೊನೆಗೆ ಆ ಸಂದಿಗೆ ಸಿಮೆಂಟೋ ಪುಟ್ಟಿಯೋ ತುಂಬುತ್ತಾರೆ. ಒಂದು ಬೇಸಿಗೆ ಕಳೆಯುವುದರೊಳಗೆ ಅದು ಸೀಳು ಬಿಡುತ್ತದೆ.

ಈಗ ಆಳ. ಅಂಗಿ ತೂಗುಹಾಕುವ ಹ್ಯಾಂಗರ್ ಸುಮಾರು 17ರಿಂದ 18 ಇಂಚು ಅಗಲ. ಬಟ್ಟೆಯ ತೋಳು ಬಾಗಿಲಿಗೆ ಸಿಕ್ಕದಿರಲು ಒಳಗೆ 21, 22 ಇಂಚು ಆಳ ಬೇಕು. ನಮ್ಮ ಗೂಡಿನಲ್ಲಿ ಸಿಗುವುದು 18 ಇಂಚು 4 ಸೂತ ಮಾತ್ರ. ಅದರಲ್ಲೂ ಹಿಂದೆ ಒಂದು ಇಂಚು ಖಾಲಿ ಬಿಡಲೇಬೇಕು. ಮಣ್ಣಿನ ಗೋಡೆಗೆ ಹಲಗೆ ಅಂಟಿಸಿ ನಿಲ್ಲಿಸಿದರೆ ಒರಲಿ ಕಣ್ಣಿಗೆ ಬೀಳದಂತೆ ಹತ್ತುತ್ತದೆ. ಮಳೆಗಾಲದ ತಂಪು ಸಹ ಬಟ್ಟೆಗೆ ಇಳಿಯುತ್ತದೆ. ಹಾಗಾಗಿ ಪೆಟ್ಟಿಗೆ ಗೂಡಿನೊಳಗೆ 17 ಇಂಚು 4 ಸೂತ, ಹೊರಗೆ 4 ಇಂಚು 4 ಸೂತ, ಒಟ್ಟು 22. ನಾಲ್ಕೂವರೆ ಇಂಚು ಕೋಣೆಗೆ ಚಾಚುವುದು ಮನೆಯವರಿಗೆ ಒಪ್ಪಿಗೆಯೇ ಎಂಬುದು ಬಡಿಗೇರ ತೀರ್ಮಾನಿಸುವ ಮಾತಲ್ಲ. ಅಷ್ಟು ಮುಂದೆ ಬಂದರೆ ಪಕ್ಕದ ಕಿಟಕಿಯ ಕದ ಪೂರ್ತಿ ತೆರೆಯುತ್ತದೆಯೇ, ಸ್ವಿಚ್ ಬೋರ್ಡ್ ಮರೆಯಾಗುತ್ತದೆಯೇ, ಮೇಲಿನ ಜಂತಿಗೆ ತಲೆ ತಾಗುತ್ತದೆಯೇ ಎಂದು ನೋಡಿ ಚೀಟಿಯಲ್ಲಿ ಗುರುತಿಸುವುದು ನಮ್ಮ ಪಾಲಿನದು.

ಎತ್ತರ 83ರಲ್ಲಿ ಅರ್ಧ ಇಂಚು ಬಿಟ್ಟು 82 ಇಂಚು 4 ಸೂತ. ಇದರಲ್ಲೇ ಬುಡದ 4 ಇಂಚಿನ ಪೀಠವೂ ಸೇರಿದೆ. ಫರಸಿ ನೆಲವನ್ನು ನೀರು ಹಾಕಿ ತೊಳೆಯುವ ಮನೆಗಳಲ್ಲಿ ಪೀಠವಿಲ್ಲದ ಪ್ಲೈವುಡ್ ಬುಡದಿಂದಲೇ ಬಾಯಿ ಬಿಡುತ್ತದೆ. ಇನ್ನೊಂದು ಮಾತು, ಪೆಟ್ಟಿಗೆಯನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ ಆಮೇಲೆ ಎಬ್ಬಿಸುತ್ತಾರೆ. 82 ಇಂಚು 4 ಸೂತ ಎತ್ತರ, 22 ಇಂಚು ಆಳದ ಪೆಟ್ಟಿಗೆ ಏಳುವಾಗ ಅದರ ಮೂಲೆ 85 ಇಂಚಿನ ಮೇಲೆ ಹೋಗುತ್ತದೆ. ಕೋಣೆಯ ಜಂತಿ ಅದಕ್ಕಿಂತ ತಗ್ಗಿನಲ್ಲಿದ್ದರೆ, ಅಥವಾ ಕೋಣೆಯ ಬಾಗಿಲು ಕಿರಿದಾಗಿದ್ದರೆ, ಮೇಲೊಂದು ಕೆಳಗೊಂದು ಎಂದು ಎರಡು ಪೆಟ್ಟಿಗೆ ಮಾಡಿಸಬೇಕು. ಇದನ್ನು ಮೊದಲೇ ಹೇಳಬೇಕು, ಕೊಯ್ದ ಮೇಲೆ ಹೇಳಿ ಪ್ರಯೋಜನವಿಲ್ಲ.

ಒಳಗಿನ ಲೆಕ್ಕಕ್ಕೆ ಬಂದರೆ, ಎರಡು ಪಕ್ಕ ಮತ್ತು ನಡುವೆ ಒಂದು ಹಲಗೆ, ಹೀಗೆ ಮೂರು. 19 ಮಿಲಿಮೀಟರಿನ ಪ್ಲೈವುಡ್ ಎಂದರೆ 6 ಸೂತ, ಮೂರಕ್ಕೆ ಎರಡೂಕಾಲು ಇಂಚು. ಉಳಿದದ್ದನ್ನು ಅರ್ಧ ಮಾಡಿದರೆ ಒಂದೊಂದು ಖಾನೆ 33 ಇಂಚು 1 ಸೂತ. ಒಳಗೂ ಸನ್‌ಮೈಕಾ ಅಂಟಿಸುವುದಿದ್ದರೆ ಅದರ ದಪ್ಪಕ್ಕೆ ಆ ಸೂತವೂ ಹೋಯಿತು, 33 ಎಂದೇ ಹಿಡಿಯಬೇಕು. ಹೊರಗಿನಿಂದ ಸುಮಾರು ಆರು ಅಡಿ ಕಂಡ ಗೂಡು ಒಳಗೆ ಎರಡೂಮುಕ್ಕಾಲು ಅಡಿಯ ಎರಡು ಖಾನೆಗಳಾಗಿ ಇಳಿಯಿತು.

ಹೀಗಾಗಿ ಟೇಪು ಹಿಡಿಯಬೇಕಾದ ಇನ್ನೊಂದು ವಸ್ತುವೆಂದರೆ ಒಳಗೆ ಇಡುವ ಸಾಮಾನು. ನಮ್ಮ ಭಾಗದಲ್ಲಿ ಅಲಮಾರಿಯ ಜಾಗ ತಿನ್ನುವುದು ಸೀರೆಯಲ್ಲ, ಕೌದಿ. ಮಡಿಸಿದ ಕೌದಿ 20 ಇಂಚು ಅಗಲ ಇದ್ದರೆ 33ರ ಖಾನೆಯಲ್ಲಿ ಒಂದೇ ಸಾಲು ಕೂರುತ್ತದೆ, ಪಕ್ಕದ 13 ಇಂಚು ಹಾಳು. ಅದೇ ಕೌದಿಯನ್ನು 16 ಇಂಚಿಗೆ ಬರುವಂತೆ ಮಡಿಸಿದರೆ ಎರಡು ಸಾಲು. ಇದನ್ನು ಗೊತ್ತುಮಾಡಬಲ್ಲವರು ಮನೆಯ ಹೆಣ್ಣುಮಕ್ಕಳೇ. ಆದರೂ ಬಡಿಗೇರ ಬಂದಾಗ ಪಡಸಾಲೆಯಲ್ಲಿ ಗಂಡಸರಷ್ಟೇ ಕೂತು ಖಾನೆಗಳ ಎತ್ತರ ಹೇಳಿ ಮುಗಿಸುವುದನ್ನು ಎಷ್ಟೋ ಮನೆಗಳಲ್ಲಿ ಕಾಣುತ್ತೇವೆ. ಅಡ್ಡಹಲಗೆ ಎಷ್ಟು ಎತ್ತರಕ್ಕೆ ಬೇಕು ಎಂಬುದನ್ನು ಅದನ್ನು ದಿನಾ ಬಳಸುವವರೇ ಗೂಡಿನ ಮುಂದೆ ನಿಂತು, ಕೈ ಎತ್ತಿ, ಸೀಮೆಸುಣ್ಣದಲ್ಲಿ ಗೋಡೆಗೆ ಗೆರೆ ಎಳೆದು ತೋರಿಸಬೇಕು. 33 ಇಂಚಿನ ಹಲಗೆಯ ಮೇಲೆ ಕೌದಿಯ ಭಾರ ಬೀಳುವುದಿದ್ದರೆ ಮುಂದಿನ ಅಂಚಿಗೆ ಒಂದೂವರೆ ಇಂಚಿನ ಸಾಗವಾನಿ ಅಥವಾ ಬೇವಿನ ಪಟ್ಟಿ ಹೊಡೆಯಲು ಹೇಳಿ. ಇಲ್ಲದಿದ್ದರೆ ಹಲಗೆ ನಿಧಾನಕ್ಕೆ ನಡು ಬಾಗುತ್ತದೆ.

ಬಾಗಿಲು ನಾಲ್ಕು, ತಲಾ 17 ಇಂಚು. ಒಟ್ಟು 68 ಆಯಿತು, ಉಳಿದ 4 ಸೂತ ಸಂದಿಗೆ. ಬಾಗಿಲ ಹಿಂದೆ ಡ್ರಾಯರ್ ಬೇಕೆನ್ನುವವರು ಒಂದು ಗಮನಿಸಬೇಕು. ಬಾಗಿಲು ಪೂರ್ತಿ ಮಡಚದೆ ನೇರ ನಿಂತರೆ ಡ್ರಾಯರ್ ಅದರ ಅಂಚಿಗೆ ಬಡಿಯುತ್ತದೆ. ಡ್ರಾಯರಿನ ಪಕ್ಕಕ್ಕೆ ಪಟ್ಟಿ ಕೊಟ್ಟು ಅದನ್ನು ಒಳಸರಿಸಲು ಚಿತ್ರದಲ್ಲೇ ತೋರಿಸಬೇಕು.

ಚಿತ್ರ ಎಂದರೆ ಕಲಾವಿದನ ಕೈ ಬೇಕಿಲ್ಲ. ಮಕ್ಕಳ ಗಣಿತದ ಚೌಕುಳಿ ವಹಿ ಸಾಕು. ಒಂದು ಚೌಕಕ್ಕೆ 3 ಇಂಚು ಎಂದು ಹಿಡಿದರೆ 84 ಇಂಚಿನ ಗೂಡು 28 ಚೌಕಕ್ಕೆ ಬರುತ್ತದೆ. ಮೂರು ಚಿತ್ರ ಬೇಕು: ಬಾಗಿಲಿಲ್ಲದೆ ಎದುರಿನಿಂದ ಕಾಣುವ ಖಾನೆಗಳು, ಮೇಲಿನಿಂದ ನೋಡಿದಂತೆ ಗೂಡು ಮತ್ತು ಗೋಡೆ, ಪಕ್ಕದಿಂದ ಸೀಳಿದಂತೆ ಆಳ ಮತ್ತು ಪೀಠ. ಬಿಜಾಗರಿ ಯಾವ ಕಡೆ ಎಂಬುದಕ್ಕೆ ಬಾಣದ ಗುರುತು. ಅಳತೆ ಬರೆಯುವಾಗ 5.10 ಎಂದು ಬರೆಯಬಾರದು. ಬರೆದವರ ಮನಸ್ಸಿನಲ್ಲಿ ಅದು 5 ಅಡಿ 10 ಇಂಚು, ಕ್ಯಾಲ್ಕುಲೇಟರ್ ಒತ್ತುವವನಿಗೆ ಅದು 5 ಅಡಿ 1 ಇಂಚಿನ ಆಸುಪಾಸು. ಎಲ್ಲವನ್ನೂ ಬರೀ ಇಂಚು ಮತ್ತು ಸೂತದಲ್ಲಿ ಬರೆಯುವುದೇ ಕ್ಷೇಮ. ಇಷ್ಟಾದರೂ ಒಳ್ಳೆಯ ಬಡಿಗೇರ ನಮ್ಮ ಅಂಕಿಗೆ ಕೊಯ್ಯುವುದಿಲ್ಲ. ಒಂದು ಉದ್ದನೆಯ ಪಟ್ಟಿಯನ್ನು ಗೂಡಿಗೆ ಹಿಡಿದು ಅದರ ಮೇಲೇ ಗೀರು ಹಾಕಿಕೊಂಡು ಹೋಗುತ್ತಾನೆ. ಆ ಪಟ್ಟಿಯಲ್ಲಿ ಅಂಕಿ ತಪ್ಪು ಓದುವ ಪ್ರಶ್ನೆಯೇ ಇಲ್ಲ.

ಸಾಮಾನು ನಾವೇ ತರುವುದಾದರೆ ಹಾಳೆಯ ಅಳತೆ ನೆನಪಿರಲಿ, 8 ಅಡಿಗೆ 4 ಅಡಿ. 22 ಇಂಚು ಆಳ ಇಟ್ಟಿದ್ದರಿಂದ 48 ಇಂಚಿನ ಅಗಲದಲ್ಲಿ ಎರಡು ಪಕ್ಕದ ಹಲಗೆ ಸಿಗುತ್ತವೆ. ಸರಿಯಾಗಿ 24 ಕೇಳಿದರೆ ಗರಗಸದ ಹಲ್ಲು ತಿನ್ನುವ ಸೂತದಿಂದಾಗಿ ಎರಡನೆಯದು ಕಡಿಮೆ ಬೀಳುತ್ತದೆ, 25 ಕೇಳಿದರೆ ಹಾಳೆಗೆ ಒಂದೇ. ಹಾಳೆಯ ಮೇಲೆ ಐಎಸ್ 303 ಎಂದಿದ್ದರೆ ಸಾಮಾನ್ಯ ಬಳಕೆಯದು, ಐಎಸ್ 710 ನೀರು ತಡೆಯುವ ಮರೀನ್ ದರ್ಜೆಯದು. ಪೂರ್ತಿ 710 ಕೊಳ್ಳುವ ಶಕ್ತಿ ಇಲ್ಲದವರು ಪೀಠಕ್ಕೂ ತಳದ ಹಲಗೆಗೂ ಅದನ್ನು ಹಾಕಿಸಿದರೆ ಒಳ್ಳೆಯದು. ಮುದ್ರೆ ನೋಡಿ ಸುಮ್ಮನಾಗದೆ ಅಂಚನ್ನೂ ನೋಡಿ, ಪದರಗಳ ನಡುವೆ ಖಾಲಿ ಜಾಗ ಕಂಡರೆ ಅಲ್ಲಿ ಮೊಳೆ, ಸ್ಕ್ರೂ ನಿಲ್ಲುವುದಿಲ್ಲ.

ಮಜೂರಿಯ ಮಾತು ಚದರಡಿ ಲೆಕ್ಕದಲ್ಲಿದ್ದರೆ ಯಾವ ಅಳತೆಯ ಚದರಡಿ ಎಂದು ಅದೇ ವಹಿಯ ಕೆಳಗೆ ಬರೆದಿಡಬೇಕು. ಗೂಡಿನ ದೊಡ್ಡ ಅಳತೆ 71 ಮತ್ತು 84 ಹಿಡಿದರೆ ನಲವತ್ತೊಂದೂವರೆ ಚದರಡಿಯ ಹತ್ತಿರ, ಪೆಟ್ಟಿಗೆಯದು ಹಿಡಿದರೆ ಮೂವತ್ತೊಂಬತ್ತರ ಸ್ವಲ್ಪ ಮೇಲೆ. ಡ್ರಾಯರ್, ಸಂದಿಯ ಪಟ್ಟಿ, ಒಳಗಿನ ಸನ್‌ಮೈಕಾ ಅದೇ ದರದಲ್ಲೋ ಬೇರೆಯೋ ಎಂಬುದೂ ಅಲ್ಲೇ ಬರಲಿ. ಬೇಸಿಗೆಯಲ್ಲಿ ಕೆಲಸ ಮುಗಿದರೆ ಶ್ರಾವಣದಲ್ಲಿ ಬೇವಿನ, ಸಾಗವಾನಿಯ ಪಟ್ಟಿಗಳು ತೇವ ಹೀರಿ ಉಬ್ಬಿ ಬಾಗಿಲು ಹಿಡಿಯಬಹುದು. ಆಗೊಮ್ಮೆ ಬಂದು ಬಿಜಾಗರಿ ಸರಿಪಡಿಸಿ, ಬೇಕಾದಲ್ಲಿ ರಂದಾ ಹೊಡೆದುಕೊಡುವ ಮಾತನ್ನೂ ಆ ಚೀಟಿಗೇ ಸೇರಿಸಿ, ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು.